40 ನಿಮಿಷದ ವರದಿ ಮತ್ತು 16 ವರ್ಷದ ಹುಡುಗ

ಕೋಲಾರದಲ್ಲಿ ಕಾನೂನು ನೆರವಿನ ವಕೀಲನಾಗಿ, 18 ತುಂಬದವರ ಮೇಲಿನ ಕೇಸು ನೋಡುವ ಬಾಲನ್ಯಾಯ ಮಂಡಳಿ ಮುಂದೆ ನಿಲ್ಲುತ್ತೇನೆ. ಮಗುವಿನ ಗುರುತು ಹೊರಗೆ ಬರಬಾರದು ಅಂತ ಕಾನೂನೇ ಹೇಳುತ್ತದೆ, ಹಾಗಾಗಿ ಇಲ್ಲಿ ಕೆಲವು ವಿವರ ಬದಲಿಸಿದ್ದೇನೆ.

ಹುಡುಗನಿಗೆ 16 ವರ್ಷ 4 ತಿಂಗಳು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು, ದೊಡ್ಡಪ್ಪನ ಮಗನ ಜೊತೆ ಟೊಮೆಟೊ ಬಾಕ್ಸ್ ಲೋಡ್ ಮಾಡುತ್ತಿದ್ದ. ಕೂಲಿ ದುಡ್ಡಿನ ಜಗಳದಲ್ಲಿ ಒಬ್ಬರ ತಲೆಗೆ ಪೆಟ್ಟು ಬಿತ್ತು. ಮೊದಲು ಹಾಕಿದ್ದು ಕೊಲೆ ಯತ್ನದ ಕೇಸು. ಆರನೇ ದಿನ ಗಾಯಾಳು ತೀರಿಕೊಂಡರು, ಕೇಸು ಕೊಲೆ ಆಯಿತು.

ಆ ಒಂದು ಬದಲಾವಣೆಯಿಂದ ದಾರಿಯೇ ಬೇರೆಯಾಯಿತು. ಕನಿಷ್ಠ ಶಿಕ್ಷೆ 7 ವರ್ಷ ಅಥವಾ ಜಾಸ್ತಿ ಇದ್ದರೆ ಮಾತ್ರ ಅದು ಘೋರ ಅಪರಾಧ. ಕೊಲೆ ಯತ್ನಕ್ಕೆ ಅಂಥ ಕನಿಷ್ಠ ಶಿಕ್ಷೆ ಇಲ್ಲ. ಕೊಲೆಗೆ ಕನಿಷ್ಠವೇ ಜೀವಾವಧಿ. ಘೋರ ಅಪರಾಧ, ಜೊತೆಗೆ 16 ತುಂಬಿದ ಹುಡುಗ ಅಂದರೆ ಬಾಲನ್ಯಾಯ ಕಾಯ್ದೆಯ 15ನೇ ಕಲಮಿನ ಪ್ರಕಾರ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡಲೇಬೇಕು. ಕೇಸನ್ನು ತಾನೇ ನಡೆಸಬೇಕೇ, ವಯಸ್ಕನಂತೆ ವಿಚಾರಣೆಗೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬೇಕೇ ಅಂತ ಅದರ ಮೇಲೆ ತೀರ್ಮಾನಿಸುತ್ತದೆ. ಅಂಥ ಕೃತ್ಯ ಮಾಡುವ ಮಾನಸಿಕ, ದೈಹಿಕ ಸಾಮರ್ಥ್ಯ ಇತ್ತೇ, ಪರಿಣಾಮ ಅರ್ಥವಾಗುತ್ತಿತ್ತೇ, ಯಾವ ಸಂದರ್ಭದಲ್ಲಿ ನಡೆಯಿತು ಅನ್ನುವುದನ್ನು ನೋಡಬೇಕು. ಮಾಡಿದನೋ ಇಲ್ಲವೋ ಅನ್ನುವುದು ಇಲ್ಲಿ ಬರುವುದೇ ಇಲ್ಲ.

50ನೇ ದಿನ ಮನಶ್ಶಾಸ್ತ್ರಜ್ಞರ ವರದಿ ಬಂತು. ಪ್ರತಿ ಕೇಳಿ ಪಡೆದೆ. ಒಂದೂವರೆ ಪುಟ. ಭೇಟಿ ಒಂದೇ, 40 ನಿಮಿಷ. ಬುದ್ಧಿಮಟ್ಟ 92, ಸರಿ ತಪ್ಪು ಗೊತ್ತು, ಆದ್ದರಿಂದ ಸಾಮರ್ಥ್ಯ ಇದೆ. ಕೊನೆಗೆ ಒಂದು ಸಾಲು: 'ರಾಡ್ ತಂದುಕೊಟ್ಟಿದ್ದು ತಾನೇ ಎಂದು ಒಪ್ಪಿಕೊಂಡಿರುತ್ತಾನೆ.'

ಆ ಸಾಲು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಮೌಲ್ಯಮಾಪನ ವಿಚಾರಣೆ ಅಲ್ಲ ಅಂತ ಕಾಯ್ದೆಯಲ್ಲೇ ಬರೆದಿದೆ. ಆ ಹಂತದಲ್ಲಿ ಮಗುವನ್ನು ನಿರಪರಾಧಿ ಅಂತಲೇ ಎಣಿಸಬೇಕು. ನಂಬಿ ಮಾತಾಡಿದ ಹುಡುಗನ ಬಾಯಿಂದ ತಪ್ಪೊಪ್ಪಿಗೆ ತೆಗೆದು ಕಡತಕ್ಕೆ ಸೇರಿಸಿದರೆ ಮುಂದೆ ಅವನು ಯಾರ ಹತ್ತಿರ ಬಾಯಿ ಬಿಡುತ್ತಾನೆ?

ಆಕ್ಷೇಪಣೆಯಲ್ಲಿ ಮೊದಲು ಅದನ್ನೇ ಹಾಕಿದೆ. ಎರಡನೆಯದು ಬುದ್ಧಿಮಟ್ಟದ ಮಾತು. ಲೆಕ್ಕ ಬರುವ ಹುಡುಗನಿಗೆ ಪರಿಣಾಮವೂ ಅರ್ಥವಾಗುತ್ತದೆ ಅಂತೇನಿಲ್ಲ, ಅಲ್ವಾ? 2022ರ ಬರುನ್ ಚಂದ್ರ ಠಾಕೂರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪರಿಣಾಮ ಅಂದರೆ ಏಟು ಬೀಳುವ ಕ್ಷಣವಷ್ಟೇ ಅಲ್ಲ ಎಂದಿದೆ. ಸತ್ತವರ ಮನೆಯವರಿಗೆ, ತನಗೆ, ತನ್ನ ಮನೆಯವರಿಗೆ ಮುಂದೆ ಏನಾಗುತ್ತದೆ ಅನ್ನುವುದೂ ಅದರಲ್ಲಿ ಸೇರಿದೆ. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿ ಆ ವೃತ್ತಿಯಲ್ಲಿರುವವರು ಇಲ್ಲದಿದ್ದರೆ ತಜ್ಞರ ನೆರವು ಕಡ್ಡಾಯ ಅಂತಲೂ ಅದೇ ತೀರ್ಪು ಹೇಳಿದೆ. ನಮ್ಮ ಮಂಡಳಿಯ ಇಬ್ಬರು ಸದಸ್ಯರೂ ಸಮಾಜ ಕಾರ್ಯದವರು. ಹಾಗಾಗಿ ಸುಮ್ನೆ ಒಂದು ವರದಿ ಇದ್ದರೆ ಸಾಲದು, ಸರಿಯಾದ ವರದಿ ಬೇಕು ಅಂತ ವಾದಿಸಿದೆ.

ಸಮಯದ ತಕರಾರು ಬಂತು. ಮೊದಲ ಬಾರಿ ಹಾಜರುಪಡಿಸಿದ ದಿನದಿಂದ 3 ತಿಂಗಳಲ್ಲಿ ಮೌಲ್ಯಮಾಪನ ಮುಗಿಯಬೇಕು. ಆದರೆ ಆ ಗಡುವು ಕಡ್ಡಾಯವಲ್ಲ ಅಂತ 2024ರಲ್ಲಿ ನಮ್ಮ ರಾಜ್ಯದ್ದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಂಡಳಿ ಹೊಸ ತಜ್ಞರನ್ನು ನೇಮಿಸಿತು. ಪ್ರೊಬೇಷನ್ ಅಧಿಕಾರಿಗೂ, ಹುಡುಗನ ಮನೆ ಪರಿಸ್ಥಿತಿ ಬಗ್ಗೆ ಫೋನಿನಲ್ಲಿ ಕೇಳಿ ಬರೆದಿದ್ದ ಸಾಮಾಜಿಕ ತನಿಖಾ ವರದಿಯನ್ನು ಮನೆಗೆ ಹೋಗಿ ಮತ್ತೆ ಮಾಡಿ ಅಂತ ಹೇಳಿತು.

ಹೊಸ ತಜ್ಞರು ಮೂರು ಸಲ ಕೂತರು. ಘಟನೆ ಬಗ್ಗೆ ಒಂದು ಪ್ರಶ್ನೆಯೂ ಕೇಳಲಿಲ್ಲ. 'ಒಬ್ಬ ಹುಡುಗ ಇದ್ದ, ಕೆಲಸ ಕೊಟ್ಟ ಅಣ್ಣ ಜಗಳಕ್ಕೆ ಬಾ ಅಂದ' ಅಂತ ಬೇರೆ ಕತೆ ಹೇಳಿ, ಆ ಹುಡುಗ ಏನು ಮಾಡಬಹುದು ಅಂತ ಕೇಳಿದರು. ಇವನು ಕೊಟ್ಟ ಉತ್ತರ ವರದಿಯಲ್ಲಿ ಹಾಗೇ ಇತ್ತು: 'ಅಣ್ಣ ಕರೆದ ಮೇಲೆ ಹೋಗ್ಲೇಬೇಕಲ್ಲ, ಮನೆಗೆ ಅಕ್ಕಿ ತರೋದು ಅವನೇ.' ಪ್ರೊಬೇಷನ್ ಅಧಿಕಾರಿ ಮನೆಗೆ ಹೋದಾಗ ಅಪ್ಪ ತೀರಿಹೋಗಿರುವುದು, ಕೂಲಿಯೆಲ್ಲ ದೊಡ್ಡಪ್ಪನ ಮಗನಾದ ಆ ಅಣ್ಣನ ಕೈಯಲ್ಲೇ ಇದ್ದುದು ಗೊತ್ತಾಯಿತು. ತಜ್ಞರು ಒಂದು ಮಿತಿಯನ್ನೂ ಬರೆದಿದ್ದರು. ಇವತ್ತು ನೋಡುತ್ತಿರುವುದು ಇವತ್ತಿನ ಹುಡುಗನನ್ನು, ಆ ದಿನದ ಮನಸ್ಸನ್ನು ಹಿಂದಕ್ಕೆ ಹೋಗಿ ಅಳೆಯಲು ಆಗುವುದಿಲ್ಲ ಅಂತ.

ಮಂಡಳಿ ಕೇಸನ್ನು ತನ್ನಲ್ಲೇ ಉಳಿಸಿಕೊಂಡಿತು. ಆದೇಶದಲ್ಲಿ ಮ್ಯಾಜಿಸ್ಟ್ರೇಟ್ ಜೊತೆ ಸದಸ್ಯರ ಸಹಿ ಇದೆಯಾ ಅಂತ ಮೊದಲು ನೋಡಿದೆ, ಮ್ಯಾಜಿಸ್ಟ್ರೇಟ್ ಒಬ್ಬರದೇ ಸಾಲದು. ಮಕ್ಕಳ ನ್ಯಾಯಾಲಯಕ್ಕೆ ಕಳಿಸಿದ್ದರೂ ಅಲ್ಲಿ ವಾದ ಉಳಿಯುತ್ತಿತ್ತು. ವಯಸ್ಕನಂತೆ ವಿಚಾರಣೆ ಬೇಕೇ ಅಂತ ಆ ನ್ಯಾಯಾಲಯ ಮತ್ತೆ ತಾನೇ ನಿರ್ಧರಿಸಬೇಕು.

ಹೊರಗೆ ತೀರಿಕೊಂಡವರ ತಂದೆ ನಿಂತಿದ್ದರು. 'ಹಂಗಾದ್ರೆ ಬಿಟ್ಟುಬಿಟ್ರಾ ಸಾರ್?' ಅಂದರು. 'ಇಲ್ಲ ಯಜಮಾನ್ರೇ, ವಿಚಾರಣೆ ಇಲ್ಲೇ ನಡೆಯುತ್ತೆ. ಸಾಬೀತಾದ್ರೆ ಜಾಸ್ತಿ ಅಂದ್ರೆ 3 ವರ್ಷ ಮಕ್ಕಳ ವಿಶೇಷ ಗೃಹದಲ್ಲಿ ಇಡ್ತಾರೆ' ಅಂದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ನಾನು ಹುಡುಗನ ಪರ ವಕೀಲ, ಆದರೂ ಹೇಳದೆ ಇರಲು ಆಗಲಿಲ್ಲ: ಈ ಆದೇಶದ ಮೇಲೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹೋಗಬಹುದು, ಸರ್ಕಾರಿ ವಕೀಲರನ್ನ ಇವತ್ತೇ ನೋಡಿ, ಅವರ ರೂಮು ಮೆಟ್ಟಿಲ ಪಕ್ಕದ್ದು ಅಂತ.