ಉಳಿದ ಕಿರಣಗಳು ಎಲ್ಲಿಗೆ ಹೋಗ್ತವೆ, ಮೇಡಂ?

ಕಾಮನಬಿಲ್ಲಿನ ಪಾಠಕ್ಕೆ ನಾನು ಯಾವಾಗಲೂ ಒಂದೇ ಚಿತ್ರ ಬರೆಯುತ್ತಿದ್ದೆ. ಒಂದು ದುಂಡನೆಯ ಹನಿ, ಅದರ ಮೇಲ್ಭಾಗಕ್ಕೆ ಬೀಳುವ ಒಂದು ಬಿಳಿ ಕಿರಣ. ಅದು ಒಳಗೆ ಹೋಗುವಾಗ ಬಾಗುತ್ತದೆ, ಬಣ್ಣಗಳಾಗಿ ಒಡೆಯುತ್ತದೆ, ಹಿಂಬದಿಗೆ ತಾಗಿ ತಿರುಗುತ್ತದೆ, ಕೆಳಗಿನಿಂದ ಹೊರಬರುತ್ತದೆ. ಕೆಂಪು ಸುಮಾರು 42 ಡಿಗ್ರಿ, ನೇರಳೆ ಸುಮಾರು 40 ಡಿಗ್ರಿ. ಹೆಚ್ಚಿನ ಪುಸ್ತಕಗಳಲ್ಲೂ ಇದೇ ಚಿತ್ರ.

ಆ ವರ್ಷ ಪದವಿ ತರಗತಿಯಲ್ಲಿ ಇದನ್ನು ಮುಗಿಸಿ ಮುಂದಿನ ವಿಷಯಕ್ಕೆ ಹೋಗುವಾಗ ಒಬ್ಬ ಹುಡುಗಿ ಎದ್ದು ನಿಂತಳು. ‘ಮೇಡಂ, ಬಿಸಿಲು ಇಡೀ ಹನಿ ಮೇಲೆ ಬೀಳುತ್ತಲ್ವಾ? ನೀವು ಒಂದು ಕಿರಣ ಮಾತ್ರ ಬರೆದಿದ್ದೀರಿ. ಉಳಿದ ಕಿರಣಗಳು ಎಲ್ಲಿಗೆ ಹೋಗ್ತವೆ?’

ಪ್ರಶ್ನೆ ಎಷ್ಟು ಗಟ್ಟಿಯಾದದ್ದು ಅಂತ ನಿಂತಲ್ಲೇ ಅನ್ನಿಸಿತು. ಹನಿಯ ನಟ್ಟನಡುವೆ ಬಿದ್ದ ಕಿರಣ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಸ್ವಲ್ಪ ಪಕ್ಕಕ್ಕೆ ಬಿದ್ದದ್ದು ಸ್ವಲ್ಪ ಓರೆಯಾಗಿ ಹೋಗಬೇಕು. ಹಾಗಾದರೆ ಬೆಳಕು ಎಲ್ಲ ಕೋನಗಳಿಗೂ ಹರಡಬೇಕು. ಆಕಾಶದಲ್ಲಿ ಒಂದು ತೆಳು ಬಿಲ್ಲು ಮೂಡುವುದಕ್ಕೆ ಕಾರಣವೇ ಇಲ್ಲ. ಕಿರಣ ಬಣ್ಣಗಳಾಗಿ ಒಡೆಯುತ್ತದೆ ಅನ್ನುವುದು ಇದಕ್ಕೆ ಉತ್ತರವಲ್ಲ. 42 ಅನ್ನುವ ಸಂಖ್ಯೆ ನನಗೆ ಗೊತ್ತಿತ್ತು, ಆದರೆ ಅದೇ ಸಂಖ್ಯೆ ಯಾಕೆ ಎಂದು ನಾನೂ ಕೇಳಿಕೊಂಡಿರಲಿಲ್ಲ. ‘ಲೆಕ್ಕ ಹಾಕಿಯೇ ನೋಡೋಣ’ ಅಂದೆ. ಆ ದಿನದ ಉಳಿದ ಪಾಠ ಅಲ್ಲಿಗೇ ನಿಂತಿತು.

ಲೆಕ್ಕ ಕಷ್ಟದ್ದಲ್ಲ. ಪತನ ಕೋನ i, ನೀರಿನೊಳಗಿನ ಕೋನ r. ನೀರಿನ ವಕ್ರೀಭವನ ಸೂಚ್ಯಂಕ 1.333 ಅಂತ ಇಟ್ಟುಕೊಂಡರೆ `sin r = sin i / 1.333`. ಹನಿಯೊಳಗೆ ಒಂದು ಸಲ ಪ್ರತಿಫಲಿಸಿ ಹೊರಬಂದ ಕಿರಣ, ತಾನು ಬಂದ ದಾರಿಯಿಂದ `4r − 2i` ಡಿಗ್ರಿ ಓರೆಯಾಗಿ ವಾಪಸ್ ಹೋಗುತ್ತದೆ. ನಾವು ಸೂರ್ಯನಿಗೆ ಬೆನ್ನು ಹಾಕಿ ನಿಂತಾಗ, ನಮ್ಮ ತಲೆಯ ನೆರಳು ಬೀಳುವ ದಿಕ್ಕಿನಿಂದ ಇಷ್ಟೇ ಡಿಗ್ರಿ ದೂರದಲ್ಲಿ ಆ ಬೆಳಕು ಕಾಣುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. i ಅನ್ನು ಹತ್ತು ಹತ್ತು ಡಿಗ್ರಿಯಂತೆ ಏರಿಸುತ್ತಾ ಹೋದರೆ ನಿಜ ಚಿತ್ರ ಸಿಗುವುದಿಲ್ಲ, ಯಾಕೆಂದರೆ ಬಿಸಿಲು ಸಮನಾಗಿ ಬೀಳುವುದು ಹನಿಯ ಅಗಲದ ಮೇಲೆ. ಹಾಗಾಗಿ ಕಿರಣ ಹನಿಯ ನಡುವಿನಿಂದ ಎಷ್ಟು ದೂರದಲ್ಲಿ ಬೀಳುತ್ತದೆ ಅನ್ನುವುದನ್ನೇ ಅಳತೆಯಾಗಿ ತೆಗೆದುಕೊಂಡೆವು. ನಡುವೆ 0, ಅಂಚಿನಲ್ಲಿ 1. ಆ ದೂರವೇ sin i. ತರಗತಿಯನ್ನು ಗುಂಪು ಮಾಡಿ ಒಬ್ಬೊಬ್ಬರಿಗೆ ಒಂದೊಂದು ದೂರ ಹಂಚಿದೆ. ಉತ್ತರಗಳು ಬೋರ್ಡಿನ ಮೇಲೆ ಬರತೊಡಗಿದವು.

0.2ರಲ್ಲಿ ಬಿದ್ದ ಕಿರಣಕ್ಕೆ 11.4 ಡಿಗ್ರಿ. 0.4ಕ್ಕೆ 22.7. 0.6ಕ್ಕೆ 33.3. ಇಲ್ಲಿಯವರೆಗೆ ಪ್ರತಿ ಹೆಜ್ಜೆಗೂ ಹತ್ತು ಹನ್ನೊಂದು ಡಿಗ್ರಿ ಏರಿಕೆ. 0.8ಕ್ಕೆ 41.3. ಏರಿಕೆ ನಿಧಾನವಾಯಿತು. 0.85ಕ್ಕೆ 42.0. ಆಮೇಲೆ 0.9ಕ್ಕೆ 41.5 ಬಂತು. ಆ ಗುಂಪಿನವರು ತಪ್ಪಾಯಿತು ಅಂತ ಅಳಿಸಲು ಹೊರಟರು. ಬೇಡ, ಪಕ್ಕದ ಗುಂಪಿನ ಉತ್ತರ ನೋಡಿ ಅಂದೆ. 0.95ಕ್ಕೆ 38.2 ಇತ್ತು. ತೀರಾ ಅಂಚಿಗೆ ಬಿದ್ದ ಕಿರಣಕ್ಕೆ ಬರೀ 14.4.

ಅಂದರೆ ಕೋನ ಏರುತ್ತಾ ಹೋಗಿ 42ರಲ್ಲಿ ನಿಂತು ವಾಪಸ್ ಇಳಿಯುತ್ತದೆ. ಮೇಲಕ್ಕೆ ಎಸೆದ ಚೆಂಡು ತುದಿಯಲ್ಲಿ ಜಾಸ್ತಿ ಹೊತ್ತು ಇದ್ದಂತೆ ಕಾಣುತ್ತದಲ್ಲ, ಹಾಗೆ. 0.8ರಿಂದ 0.9ರವರೆಗಿನ ಉಂಗುರ ಹನಿಯ ಮುಖದ ಶೇ. 17ರಷ್ಟು ಜಾಗ. ಅಲ್ಲಿಂದ ವಾಪಸ್ ಬರುವ ಬೆಳಕೆಲ್ಲ ಒಂದು ಡಿಗ್ರಿಗಿಂತ ಕಡಿಮೆ ಜಾಗದೊಳಗೆ ಒತ್ತೊತ್ತಾಗಿ ಬರುತ್ತದೆ. ಬಿಲ್ಲು ಅನ್ನುವುದು ಈ ದಟ್ಟಣೆ. ಪುಸ್ತಕದ ಚಿತ್ರದಲ್ಲಿರುವ ಒಂದು ಕಿರಣ ಈ ತಿರುವಿನ ಜಾಗದ್ದು. ಡೆಕಾರ್ಟ್ 1637ರಲ್ಲೇ ಹೀಗೆ ಒಂದೊಂದೇ ಕಿರಣದ ಲೆಕ್ಕ ಹಾಕಿ ಇದನ್ನು ತೋರಿಸಿದ್ದರು.

ಪ್ರಶ್ನೆ ಕೇಳಿದ ಹುಡುಗಿ ಪಟ್ಟಿಯನ್ನೇ ನೋಡುತ್ತಿದ್ದಳು. ‘ಹಾಗಾದ್ರೆ 42ಕ್ಕಿಂತ ಕಡಿಮೆ ಇರೋದೆಲ್ಲಾ ಬಿಲ್ಲಿನ ಒಳಗೆ ಬರುತ್ತೆ, ಅಲ್ವಾ? ಒಳಗಡೆ ಆಕಾಶ ಬೆಳ್ಳಗಿರಬೇಕು!’ ಹೌದು, ಇರುತ್ತದೆ. ಬಿಲ್ಲಿನ ಒಳಗಿನ ಆಕಾಶ ಹೊರಗಿನದಕ್ಕಿಂತ ಎದ್ದು ಕಾಣುವಷ್ಟು ಬೆಳ್ಳಗೆ. ಒಳ್ಳೆಯ ಬಿಲ್ಲಿನ ಯಾವ ಫೋಟೋದಲ್ಲಾದರೂ ನೋಡಬಹುದು. ನಾನು ಅದೆಷ್ಟೋ ಬಿಲ್ಲು ನೋಡಿದ್ದರೂ ಈ ವ್ಯತ್ಯಾಸವನ್ನು ಹುಡುಕಿ ನೋಡಿದ್ದು ಆಮೇಲೆಯೇ. ಬಣ್ಣ ಅಂಚಿನಲ್ಲಿ ಮಾತ್ರ ಇರುವುದಕ್ಕೂ ಇದೇ ಕಾರಣ. ಕೆಂಪು 42.4ರ ಹತ್ತಿರ ತಿರುಗುತ್ತದೆ, ನೇರಳೆ 40.6ರ ಹತ್ತಿರ. ತೀರಾ ಹೊರಗೆ ಕೆಂಪಿಗೆ ಮಾತ್ರ ಹೋಗಲು ಸಾಧ್ಯ. ಒಳಗೆ ಬರುತ್ತಿದ್ದಂತೆ ಎಲ್ಲ ಬಣ್ಣಗಳೂ ಸೇರಿಕೊಂಡು ಮತ್ತೆ ಬಿಳಿಯಾಗುತ್ತವೆ.

ಲೆಕ್ಕ ಕಣ್ಣಿಗೆ ಕಾಣಲಿ ಅಂತ ಮುಂದಿನ ತರಗತಿಗೆ ರಸಾಯನಶಾಸ್ತ್ರ ಲ್ಯಾಬಿನಿಂದ ದುಂಡು ತಳದ ಫ್ಲಾಸ್ಕ್ ತಂದೆ. ನೀರು ತುಂಬಿಸಿ ಸ್ಟ್ಯಾಂಡಿಗೆ ಸಿಕ್ಕಿಸಿ, ಕೋಣೆ ಕತ್ತಲು ಮಾಡಿ, ಲೇಸರ್ ಪಾಯಿಂಟರನ್ನು ಫ್ಲಾಸ್ಕಿನ ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಸರಿಸಿದೆವು. ಪಾಯಿಂಟರ್ ಒಂದೇ ದಿಕ್ಕಿಗಿರಬೇಕು. ಓರೆಯಾದರೆ ಏನೂ ಅರ್ಥವಾಗುವುದಿಲ್ಲ. ವಾಪಸ್ ಬಂದ ಚುಕ್ಕೆ ಪಾಯಿಂಟರಿನ ಹಿಂದಿನ ಬಿಳಿ ರಟ್ಟಿನ ಮೇಲೆ ಹೊರಗೆ ಹೊರಗೆ ಸರಿಯಿತು. ಒಂದು ಜಾಗದಲ್ಲಿ ನಿಂತಿತು. ಪಾಯಿಂಟರ್ ಇನ್ನೂ ಅದೇ ದಿಕ್ಕಿಗೆ ಸರಿಯುತ್ತಿದ್ದರೂ ಚುಕ್ಕೆ ಹಿಂದಕ್ಕೆ ತಿರುಗಿತು. ಇಡೀ ತರಗತಿ ಒಮ್ಮೆಲೇ ‘ಓ’ ಅಂದಿತು.

ಮಾಡುವವರಿಗೆ ಒಂದು ಎಚ್ಚರಿಕೆ: ಗಾಜಿನ ಮುಂಬದಿಯಿಂದಲೇ ಪ್ರತಿಫಲಿಸಿದ ಇನ್ನೊಂದು ಚುಕ್ಕೆಯೂ ಇರುತ್ತದೆ, ಅದು ನಮಗೆ ಬೇಕಾದದ್ದಲ್ಲ. ಕಿರಣ ತಿರುಗುವ ಹಿಂಬದಿಯ ಜಾಗಕ್ಕೆ ಒದ್ದೆ ಮಾಡಿದ ಕಪ್ಪು ಕಾಗದ ಅಂಟಿಸಿ ನೋಡಿ. ಮಂಕಾಗುವ ಚುಕ್ಕೆಯೇ ನಮ್ಮದು. ಚುಕ್ಕೆಗಳು ಎಲ್ಲೆಲ್ಲೋ ಹಾರುವುದರಿಂದ ಯಾರ ಕಣ್ಣ ಮಟ್ಟದಲ್ಲೂ ಲೇಸರ್ ಇರಬಾರದು.

ಕಪ್ಪು ಕಾಗದ ತೆಗೆದು, ಫ್ಲಾಸ್ಕಿನ ಹಿಂದೆ ಸ್ವಲ್ಪ ದೂರದಲ್ಲಿ ಬಿಳಿ ಹಾಳೆ ಹಿಡಿದರೆ ಅಲ್ಲೂ ಒಂದು ಚುಕ್ಕೆ, ಅದೂ ತುಂಬಾ ಪ್ರಖರ. ಹೆಚ್ಚಿನ ಬೆಳಕು ಹಿಂಬದಿಯಿಂದ ಹೊರಗೆ ಹೋಗಿಬಿಡುತ್ತದೆ. ಹನಿಯಲ್ಲಿ ‘ಪೂರ್ಣ ಆಂತರಿಕ ಪ್ರತಿಫಲನ’ ಆಗುತ್ತದೆ ಅಂತ ಉತ್ತರ ಪತ್ರಿಕೆಗಳಲ್ಲಿ ಬರೆಯುವುದು ಸರಿಯಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ. ತಿರುವಿನ ಕಿರಣದ r ಸುಮಾರು 40 ಡಿಗ್ರಿ. ಪೂರ್ಣ ಪ್ರತಿಫಲನಕ್ಕೆ 48.6 ದಾಟಬೇಕು.

ಈಗ ನಾನು ಈ ಪಾಠದಲ್ಲಿ ಒಂಟಿ ಕಿರಣದ ಚಿತ್ರ ಬರೆಯುವುದೇ ಇಲ್ಲ. ಮೊದಲು ಹನಿಯ ಮೇಲೆ ಹತ್ತು ಸಮಾನಾಂತರ ಗೆರೆ ಎಳೆದು, ಇವೆಲ್ಲ ಎಲ್ಲಿಗೆ ಹೋಗುತ್ತವೆ ಅಂತ ನಾನೇ ಕೇಳುತ್ತೇನೆ. ಪಟ್ಟಿ ಬೋರ್ಡಿನ ಮೇಲೆ ಪೂರ್ತಿಯಾದ ಮೇಲೆ 0.8 ಮತ್ತು 0.9ರ ಸಾಲುಗಳನ್ನು ಮತ್ತೆ ತೋರಿಸುತ್ತೇನೆ. ಹನಿಯೊಳಗೆ ಬೇರೆ ಬೇರೆ ದಾರಿ ಹಿಡಿದ ಎರಡು ಕಿರಣಗಳು ಹೆಚ್ಚು ಕಡಿಮೆ ಒಂದೇ ಕೋನದಲ್ಲಿ ಹೊರಬರುತ್ತಿವೆ. ಹಾಗಾದರೆ ಅವು ಒಂದರ ಮೇಲೊಂದು ಬಿದ್ದು ವ್ಯತಿಕರಣ ಆಗಬೇಕಲ್ಲ? ಕೆಲವು ಬಿಲ್ಲುಗಳಲ್ಲಿ ನೇರಳೆಯ ಒಳಗಡೆ ಕಾಣುವ ಮಸುಕು ಗುಲಾಬಿ, ಹಸಿರು ಪಟ್ಟಿಗಳು ಹುಟ್ಟುವುದು ಹಾಗೆಯೇ. ಅಲ್ಲಿಂದ ಮುಂದಕ್ಕೆ ಕಿರಣಗಳ ಲೆಕ್ಕ ಸಾಲದು, ಅಲೆಗಳ ಪಾಠ ಶುರುವಾಗುತ್ತದೆ.