ಸ್ವೆಟರಿನ ಮೇಲೆ ಅರಿಶಿನದ ಕಲೆ ಬಿದ್ದರೆ

ಉಣ್ಣೆಯ ಬಟ್ಟೆಗೆ ನಮ್ಮ ಕಡೆಯ ಊಟದಷ್ಟು ಕಾಟ ಕೊಡುವುದು ಇನ್ನೊಂದಿಲ್ಲ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಬೆಳಗಿನ ಚಳಿಗೆಂದು ಎಲ್ಲರ ಮೈಮೇಲೂ ಸ್ವೆಟರು, ಶಾಲು ಇರುತ್ತವೆ. ಬಿಸಿಲೇರಿದರೂ ಅವುಗಳನ್ನು ತೆಗೆಯದೆ ಊಟಕ್ಕೆ ಕುಳಿತರೆ, ಎಣ್ಣೆಗಾಯಿ ಬದನೆಕಾಯಿಯ ರಸ ಸೆರಗಿನ ಬದಲು ಶಾಲಿನ ಮೇಲೆ ಬೀಳುತ್ತದೆ. ಅದರಲ್ಲಿ ಎಣ್ಣೆ ಇದೆ, ಅರಿಶಿನವೂ ಇದೆ. ಮನೆಗೆ ಬಂದು ಬಟ್ಟೆ ಸಾಬೂನು ಹಚ್ಚಿ, ಬಿಸಿನೀರು ಸುರಿದು, ಬ್ರಷ್ಷಿನಿಂದ ತಿಕ್ಕಿದರೆ ಕಲೆಯೂ ಉಳಿಯುತ್ತದೆ, ಶಾಲೂ ಹಾಳಾಗುತ್ತದೆ.

ಆದರೆ ಈ ಅರಿಶಿನವೇ ನಮಗೆ ಒಂದು ಉಪಕಾರ ಮಾಡುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಆರತಿಯ ನೀರು ಕೆಂಪಾಗುವುದನ್ನು ಎಲ್ಲರೂ ನೋಡಿದ್ದೀರಿ. ಕ್ಷಾರ ತಗುಲಿದ ಅರಿಶಿನ ಕೆಂಪಾಗುತ್ತದೆ, ಹುಳಿ ತಗುಲಿದರೆ ಮತ್ತೆ ಹಳದಿಗೆ ಮರಳುತ್ತದೆ. ಉಣ್ಣೆಗೂ ಕ್ಷಾರಕ್ಕೂ ಆಗಿಬರುವುದಿಲ್ಲ. ಹಾಗಾಗಿ ಯಾವ ಸಾಬೂನು ಉಣ್ಣೆಗೆ ಸರಿಹೋಗುತ್ತದೆ ಎಂದು ಡಬ್ಬಿಯ ಮೇಲಿನ ಹೊಗಳಿಕೆಯನ್ನು ಓದುವುದಕ್ಕಿಂತ ಅಡುಗೆಮನೆಯ ಅರಿಶಿನವನ್ನೇ ಕೇಳುವುದು ಮೇಲು. ಒಂದು ಹಳೆಯ ಬಿಳಿ ಬಟ್ಟೆಗೆ ಚಿಟಿಕೆ ಅರಿಶಿನವನ್ನು ನೀರಿನಲ್ಲಿ ಕಲಸಿ ಬಳಿಯಿರಿ. ಒಗೆಯಲು ಹೊರಟ ಸಾಬೂನನ್ನು ಒಂದು ಬಟ್ಟಲು ನೀರಿನಲ್ಲಿ ಕರಗಿಸಿ ಅದರ ಮೇಲೆ ನಾಲ್ಕು ಹನಿ ಬಿಡಿ. ಬಟ್ಟೆ ಸಾಬೂನಿನ ನೀರು ಬಿದ್ದ ಕಡೆ ಕೂಡಲೇ ಕೆಂಪಾಗುತ್ತದೆ. ಸಾಮಾನ್ಯ ಒಗೆಯುವ ಪುಡಿಯೂ ಹಾಗೆಯೇ, ಮೈಗೆ ಹಚ್ಚುವ ಸಾಬೂನು ಕೂಡ ಅದೇ ಜಾತಿ. ತಲೆಗೆ ಹಾಕುವ ಸಾದಾ ಶಾಂಪೂ ಅಥವಾ ಅಂಟುವಾಳದ ನೀರು ಬಿದ್ದ ಕಡೆ ಹಳದಿ ಹಳದಿಯಾಗಿಯೇ ಇರುತ್ತದೆ. ಕೆಂಪಾದದ್ದನ್ನು ಉಣ್ಣೆಯ ಹತ್ತಿರ ತರಬೇಡಿ.

ಈ ಪರೀಕ್ಷೆಗೂ ಒಂದು ಮಿತಿ ಇದೆ. ಕೆಲವು ಪುಡಿ ಮತ್ತು ದ್ರವಗಳಲ್ಲಿ ರಕ್ತ, ಹಾಲು, ಬೇಳೆಯ ಕಲೆಗಳನ್ನು ಕರಗಿಸಲು ಕಿಣ್ವ ಸೇರಿಸಿರುತ್ತಾರೆ. ಉಣ್ಣೆಯೂ ಕೂದಲಿನಂತೆ ಪ್ರೋಟೀನೇ ಆದ್ದರಿಂದ ಆ ಕಿಣ್ವ ಕಲೆಯ ಜೊತೆಗೆ ಎಳೆಯನ್ನೂ ಸವೆಸುತ್ತದೆ. ಅದನ್ನು ಅರಿಶಿನ ಹೇಳುವುದಿಲ್ಲ, ಚೀಟಿ ಓದಿಯೇ ತಿಳಿಯಬೇಕು. ಬಿಳಿ ಬಟ್ಟೆಗೆ ಹಾಕುವ ಬ್ಲೀಚಿಂಗ್ ನೀರಂತೂ ಉಣ್ಣೆಯನ್ನು ಕರಗಿಸಿಯೇ ಬಿಡುತ್ತದೆ.

ಉಣ್ಣೆ ಕುಗ್ಗುವುದು ಏಕೆ ಎಂದು ಗೊತ್ತಿದ್ದರೆ ಮುಂದಿನ ಎಚ್ಚರಿಕೆಗಳು ತಾವಾಗಿಯೇ ಅರ್ಥವಾಗುತ್ತವೆ. ಕುರಿಯ ಕೂದಲಿನ ಮೇಲೆ ಕಣ್ಣಿಗೆ ಕಾಣದ ಪೊರೆಗಳು ಮನೆಯ ಹೆಂಚಿನಂತೆ ಒಂದರ ಮೇಲೊಂದು, ಒಂದೇ ದಿಕ್ಕಿಗೆ ಕುಳಿತಿರುತ್ತವೆ. ನೀರು, ಬಿಸಿ ಮತ್ತು ಕ್ಷಾರ ಸೇರಿದಾಗ ಅವು ಮೇಲೆದ್ದು ನಿಲ್ಲುತ್ತವೆ. ಆಗ ತಿಕ್ಕಿದರೆ ಒಂದು ಎಳೆ ಇನ್ನೊಂದರ ಪೊರೆಗೆ ಸಿಕ್ಕಿಕೊಂಡು ಮುಂದಕ್ಕೆ ಸರಿಯುತ್ತದೆ, ಹಿಂದಕ್ಕೆ ಬರಲಾರದು. ಬಟ್ಟೆ ದಪ್ಪವಾಗಿ, ಗಿಡ್ಡವಾಗಿ, ಜಡೆಗಟ್ಟುತ್ತದೆ. ಬರೀ ಬಿಸಿನೀರಿಗಿಂತ ಬಿಸಿನೀರಿನಲ್ಲಿ ತಿಕ್ಕುವುದೇ ದೊಡ್ಡ ಅಪಾಯ. ಕಂಬಳಿಯ ವಿಷಯ ಬೇರೆ. ರಾಣೆಬೆನ್ನೂರು ಕಡೆಯ ಮೆಡ್ಲೇರಿ ಕಂಬಳಿಯನ್ನು ಸ್ವೆಟರಿನಂತೆ ಒಗೆಯಲು ಹೋಗಬೇಡಿ. ಕೈಮಗ್ಗದ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕುವುದುಂಟು, ನೀರಿನಲ್ಲಿ ನೆನೆದರೆ ಆ ಬಿಗಿ ಹೋಗುತ್ತದೆ. ಅದನ್ನು ಕೊಡವಿ, ಬಿಸಿಲಿಗೆ ಹಾಕಿ, ಕಲೆಯಾದ ಕಡೆಯಷ್ಟೇ ಒರೆಸಿದರೆ ಸಾಕು.

ಈಗ ನನ್ನ ತಂಗಿಯ ಸೊಸೆಯ ಶಾಲಿಗೆ ಬರುತ್ತೇನೆ. ಕೆನೆಬಣ್ಣದ್ದು, ಅಪ್ಪಟ ಉಣ್ಣೆಯದು. ಅಂಗೈಯಷ್ಟು ಅಗಲಕ್ಕೆ ಎಣ್ಣೆಗಾಯಿ ಚೆಲ್ಲಿತ್ತು. ಅವಳು ಹೊಲದಲ್ಲೇ ತಂಬಿಗೆ ನೀರು ಹಾಕಿ ತಿಕ್ಕಲು ಹೊರಟಿದ್ದಳು. "ದೊಡ್ಡವ್ವ, ಒಣಗಿದರೆ ಕಲೆ ಹೋಗುವುದಿಲ್ಲವಲ್ಲ" ಎಂದಳು. "ತಿಕ್ಕಿದರೆ ಶಾಲೇ ಹೋಗುತ್ತದೆ, ನೀರು ಕೆಳಗಿಡು" ಎಂದೆ. ಎಣ್ಣೆಯ ಕಲೆಗೆ ಮೊದಲು ನೀರು ತಾಗಿಸಬಾರದು. ಚಮಚದ ಅಂಚಿನಿಂದ ಮೇಲಿನ ರಸವನ್ನು ಹೊರಗಿನಿಂದ ಒಳಗೆ ಎತ್ತಿ ತೆಗೆದೆವು, ಉಳಿದ ಹಸಿಯನ್ನು ಕರವಸ್ತ್ರದಿಂದ ಒತ್ತಿ ಹೀರಿಸಿದೆವು. ಮನೆಗೆ ಬಂದ ಮೇಲೆ ಕಲೆಯ ಮೇಲೆ ಮುಖಕ್ಕೆ ಹಾಕುವ ಪೌಡರನ್ನು ದಪ್ಪಗೆ ಉದುರಿಸಿ ಅರ್ಧ ಗಂಟೆ ಬಿಟ್ಟೆವು. ಪೌಡರು ಎಣ್ಣೆ ಕುಡಿದು ಹಳದಿಯಾಗಿ ಮುದ್ದೆಗಟ್ಟುತ್ತದೆ. ಅದನ್ನು ಕೊಡವಿ ಇನ್ನೊಮ್ಮೆ ಹಾಕಬೇಕು. ಈ ಕೆಲಸಕ್ಕೆ ಬೇಸರ ಪಡಬಾರದು, ಏಕೆಂದರೆ ಅರಿಶಿನದ ಬಣ್ಣ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಎಣ್ಣೆ ಹೊರಗೆ ಬಂದಷ್ಟೂ ಬಣ್ಣವೂ ಅದರ ಜೊತೆಗೆ ಬರುತ್ತದೆ.

ಆಮೇಲೆ ಶಾಲಿನ ಕಲೆಯ ಭಾಗವನ್ನು ಮಡಿಸಿದ ಹಳೆಯ ಬಿಳಿ ಪಂಚೆಯ ಮೇಲೆ ಕವುಚಿ ಹಾಕಿದೆವು. ಹಿಂಬದಿಯಿಂದ ಒಂದೆರಡು ಹನಿ ಶಾಂಪೂವನ್ನು ಅಷ್ಟೇ ನೀರಿಗೆ ಬೆರೆಸಿ ಹಾಕಿ, ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದರೆ ಹಳದಿ ಕೆಳಗಿನ ಪಂಚೆಗೆ ಇಳಿಯುತ್ತದೆ. ಪಂಚೆಯ ಸ್ವಚ್ಛ ಜಾಗಕ್ಕೆ ಸರಿಸಿ ಮತ್ತೆ ತಟ್ಟಬೇಕು. ಉಗುರು, ಬ್ರಷ್ಷು ಎರಡೂ ಬೇಡ. ಕಲೆಯ ಜಾಗದಲ್ಲಿ ನವಿರು ಕೂದಲೆದ್ದು ನೇಯ್ಗೆಯ ಎಳೆಗಳು ಮಸುಕಾಗಿ ಕಾಣತೊಡಗಿದರೆ ಜಡೆಗಟ್ಟಲು ಶುರುವಾಗಿದೆ ಎಂದರ್ಥ, ಅಲ್ಲಿಗೇ ನಿಲ್ಲಿಸಬೇಕು. ಪಂಚೆಗೆ ಬಣ್ಣ ಇಳಿಯುವುದು ನಿಂತ ಮೇಲೂ ಶಾಲಿನಲ್ಲಿ ನಸು ಹಳದಿ ಉಳಿದಿತ್ತು. ಅದಕ್ಕೆ ತಲೆ ಕೆಡಿಸಿಕೊಳ್ಳದೆ ಒಗೆಯಲು ಇಟ್ಟೆವು.

ಒಗೆಯುವ ಮೊದಲು ಹಳೆಯ ಹತ್ತಿ ಹಾಸಿಗೆಬಟ್ಟೆಯ ಮೇಲೆ ಬಟ್ಟೆಯನ್ನು ಹರಡಿ ಅದರ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದಿಡಿ. ಸ್ವೆಟರಾದರೆ ತೋಳಿನ ಉದ್ದ, ಕೊರಳು ಎಲ್ಲಕ್ಕೂ ಗೆರೆ ಬೇಕು, ಒಣಗಿಸುವಾಗ ಇದೇ ನಿಮ್ಮ ಅಳತೆ. ನೀರನ್ನೂ ಮೊದಲೇ ಹೊಂದಿಸಿಕೊಳ್ಳಬೇಕು. ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ನಳ ಬಂದ ದಿನ ತುಂಬಿಸಿಟ್ಟ ನೀರೇ ಗತಿ, ಚಳಿಗಾಲದಲ್ಲಿ ಆ ನೀರು ಬೆಳಿಗ್ಗೆ ಕೈಕೊರೆಯುತ್ತದೆ. ಒಗೆಯಲು ಗೀಸರಿನ ನೀರು, ಜಾಲಿಸಲು ತೊಟ್ಟಿಯ ತಣ್ಣೀರು ಎಂದು ಮಾಡಿದರೆ ಉಣ್ಣೆಗೆ ಹೊಡೆತ ಬೀಳುತ್ತದೆ. ಒಂದೇ ಹದದ ನೀರನ್ನು ಮೂರು ಬಕೆಟ್‌ಗಳಲ್ಲಿ ಒಟ್ಟಿಗೆ ತುಂಬಿಸಿಡಿ. ಹದ ಎಂದರೆ ಮೊಣಕೈ ಅದ್ದಿದರೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಅಳೆದೇ ನೋಡುವವರಿಗೆ 30 ಡಿಗ್ರಿ ಸಾಕು.

ಮೊದಲ ಬಕೆಟ್‌ನಲ್ಲಿ ಸುಮಾರು 8 ಲೀಟರ್ ನೀರಿಗೆ ಎರಡು ಚಮಚ ಶಾಂಪೂ ಹಾಕಿ, ಬಟ್ಟೆ ಹಾಕುವ ಮೊದಲೇ ಚೆನ್ನಾಗಿ ಕಲಕಿ. ಗಾಢ ಬಣ್ಣದ ಸ್ವೆಟರಾದರೆ ನನಗೆ ಅಂಟುವಾಳವೇ ಇಷ್ಟ. ಹತ್ತು ಕಾಯಿಗಳ ಬೀಜ ತೆಗೆದು, ಸಿಪ್ಪೆಯನ್ನು ಅರ್ಧ ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿಚುಕಿ, ತೆಳುಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ಸಿಪ್ಪೆಯ ಚೂರು ಉಣ್ಣೆಯಲ್ಲಿ ಸಿಕ್ಕಿದರೆ ಆರಿಸಿ ಮುಗಿಯುವುದಿಲ್ಲ. ಆದರೆ ಅದರ ನೀರಿಗೆ ಕಂದು ಛಾಯೆ ಇರುವುದರಿಂದ ಬಿಳಿ, ಕೆನೆ ಬಣ್ಣಗಳಿಗೆ ಶಾಂಪೂವೇ ವಾಸಿ. ಕಂಡಿಷನರ್ ಬೆರೆಸಿದ ಶಾಂಪೂ ಬೇಡ, ಕೊಳೆ ಸರಿಯಾಗಿ ಬಿಡುವುದಿಲ್ಲ.

ಬಟ್ಟೆಯನ್ನು ಮುಳುಗಿಸಿ, ಅಂಗೈಯಿಂದ ಕೆಳಕ್ಕೆ ಒತ್ತಿ ಬಿಡಿ, ಒತ್ತಿ ಬಿಡಿ. ಹತ್ತು ನಿಮಿಷ ಸಾಕು. ನೆನೆಹಾಕಿ ಮರೆತು ಸಂತೆಗೆ ಹೋಗುವುದು ಬೇಡ. ಎತ್ತುವಾಗ ಎರಡೂ ಕೈಗಳನ್ನು ಕೆಳಗಿನಿಂದ ಕೊಟ್ಟು ಮುದ್ದೆಯಾಗಿಯೇ ಎತ್ತಿ, ಭುಜ ಹಿಡಿದು ಎತ್ತಿದರೆ ನೀರಿನ ಭಾರಕ್ಕೆ ತೋಳು ಮೊಣಕಾಲಿಗೆ ಬರುತ್ತದೆ. ಎರಡನೆಯ ಬಕೆಟ್‌ನಲ್ಲಿ ಜಾಲಿಸಿ, ಮೂರನೆಯದಕ್ಕೆ ಒಂದು ಚಮಚ ಬಿಳಿ ವಿನೆಗರ್ ಹಾಕಿ. ವಿನೆಗರ್ ಇಲ್ಲದಿದ್ದರೆ ಸೋಸಿದ ಅರ್ಧ ನಿಂಬೆಹಣ್ಣಿನ ರಸ ಸಾಕು. ಮೊದಲೇ ಯಾರಾದರೂ ಅವಸರಕ್ಕೆ ಬಟ್ಟೆ ಸಾಬೂನು ತಾಗಿಸಿ ಕಲೆ ಕೆಂಪಾಗಿದ್ದರೆ, ಅದು ಈ ನೀರಿನಲ್ಲಿ ಹಳದಿಗೆ ತಿರುಗುತ್ತದೆ. ತಿರುಗದೆ ಕೆಂಪಾಗಿಯೇ ಉಳಿದರೆ ಒಳಗೆ ಇನ್ನೂ ಕ್ಷಾರ ಇದೆ, ಇನ್ನೊಂದು ಬಕೆಟ್ ಬೇಕು.

ಹಿಂಡುವ ಮಾತೇ ಇಲ್ಲ. ದೊಡ್ಡ ಟವೆಲ್ ಹಾಸಿ, ಅದರ ಮೇಲೆ ಬಟ್ಟೆ ಹರಡಿ, ಚಾಪೆ ಸುತ್ತಿದ ಹಾಗೆ ಸುತ್ತಿ ಮೇಲಿನಿಂದ ಒತ್ತಿ. ಒಣ ಟವೆಲ್‌ನಿಂದ ಇನ್ನೊಮ್ಮೆ. ಆಮೇಲೆ ಸೀಮೆಸುಣ್ಣದ ಗೆರೆಯ ಹಾಸಿಗೆಬಟ್ಟೆಯನ್ನು ಹೊರಸಿನ ಮೇಲೆ ಹಾಕಿ, ಬಟ್ಟೆಯನ್ನು ಗೆರೆಗೆ ಸರಿಯಾಗಿ ಹರಡಿ ನೆರಳಲ್ಲಿ ಬಿಡಿ. ಹಗ್ಗಕ್ಕೆ ನೇತುಹಾಕಿದರೆ ಉದ್ದವಾಗುತ್ತದೆ.

ಉಳಿದ ನಸು ಹಳದಿಗೆ ಮದ್ದು ಬಿಸಿಲು. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ, ಆದರೆ ಹೆಚ್ಚು ಬಿಸಿಲಿಗೆ ಉಣ್ಣೆಯೂ ಹಳದಿಯಾಗುತ್ತದೆ, ಬಣ್ಣದ ಬಟ್ಟೆಯ ರಂಗೂ ಇಳಿಯುತ್ತದೆ. ಶಾಲು ಇನ್ನೂ ಸ್ವಲ್ಪ ಹಸಿ ಇರುವಾಗ ಉಳಿದ ಭಾಗವನ್ನೆಲ್ಲ ದಪ್ಪ ಬಟ್ಟೆಯಿಂದ ಮುಚ್ಚಿ, ಕಲೆಯ ಜಾಗವನ್ನಷ್ಟೇ ಬೆಳಗಿನ ಬಿಸಿಲಿಗೆ ಒಂದು ಗಂಟೆ ತೋರಿಸಿದೆವು. ಮಾರನೆಯ ದಿನ ಸ್ವಲ್ಪ ನೀರು ಚಿಮುಕಿಸಿ ಮತ್ತೆ ಒಂದು ಗಂಟೆ. ಕಲೆ ಎಲ್ಲಿತ್ತೆಂದು ತಿಳಿದವರಿಗಷ್ಟೇ ಕಾಣುವ ಮಟ್ಟಕ್ಕೆ ಬಂತು. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ಮಾತ್ರ ಮುಟ್ಟಿಸಬೇಡಿ, ಬಿಸಿಗೆ ಅರಿಶಿನ ಉಣ್ಣೆಯಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ.

ಇಷ್ಟೆಲ್ಲ ಮಾಡುವ ಮೊದಲು ಅದು ನಿಜವಾಗಿಯೂ ಉಣ್ಣೆಯೇ ಎಂದು ನೋಡಿಕೊಳ್ಳಿ. ಉಣ್ಣೆಯೆಂದು ಮಾರುವ ಎಷ್ಟೋ ಸ್ವೆಟರುಗಳು ಅಕ್ರಿಲಿಕ್. ಒಳಹೊಲಿಗೆಯಿಂದ ಒಂದು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು ಸುಟ್ಟರೆ ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಪುಡಿ ಬೂದಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಕ್ರಿಲಿಕ್ ಜಡೆಗಟ್ಟುವುದಿಲ್ಲ, ಅದಕ್ಕೆ ಈ ಉಪಚಾರ ಬೇಕಿಲ್ಲ.

ಈಗಾಗಲೇ ಸ್ವಲ್ಪ ಕುಗ್ಗಿದ ಸ್ವೆಟರು ಮನೆಯಲ್ಲಿದ್ದರೆ, ಎಳೆಗಳು ಇನ್ನೂ ಬಿಡಿಬಿಡಿಯಾಗಿ ಕಾಣುತ್ತಿವೆಯೇ ಎಂದು ಕಿಟಕಿಯ ಬೆಳಕಿನಲ್ಲಿ ನೋಡಿ. ಕಾಣುತ್ತಿದ್ದರೆ ಅದೇ ಹದದ ನೀರಿಗೆ ಎರಡು ಚಮಚ ಹೇರ್ ಕಂಡಿಷನರ್ ಬೆರೆಸಿ ಅರ್ಧ ಗಂಟೆ ನೆನೆಸಿ, ಟವೆಲ್‌ನಲ್ಲಿ ಒತ್ತಿ, ಹಾಸಿಗೆಬಟ್ಟೆಯ ಮೇಲೆ ಸ್ವಲ್ಪ ಸ್ವಲ್ಪವಾಗಿ ಎಳೆದು ಅಂಚಿಗೆ ಭಾರ ಇಟ್ಟು ಒಣಗಿಸಿದರೆ ಒಂದಿಷ್ಟು ಹಿಂದಕ್ಕೆ ಬರುತ್ತದೆ. ಎಳೆಗಳೇ ಕಾಣದಂತೆ ಹಲಗೆಯಾಗಿದ್ದರೆ ಅದು ಬಿಚ್ಚುವುದಿಲ್ಲ. ಅಂಥದ್ದನ್ನು ಕತ್ತರಿಸಿದರೂ ಎಳೆ ಜಾರುವುದಿಲ್ಲವಾದ್ದರಿಂದ ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆಗೆ ಒಳ್ಳೆಯದು.