ನಾಲ್ಕು ಗುತ್ತಿಗೆ, ಒಂದು ತಲೆಬರಹ: ನನ್ನ ರೆಸ್ಯೂಮೆಯನ್ನು ತಿದ್ದಿದ ಅನುಭವ

ಸಂಸ್ಥೆಯೊಂದು ಹಳೆಯ ಪೇರೋಲ್ ತಂತ್ರಾಂಶವನ್ನು ಬಿಟ್ಟು ಹೊಸದಕ್ಕೆ ಹೋಗುವಾಗ ಸಿಬ್ಬಂದಿಯ ಸಂಬಳ, ರಜೆ, ಕಡಿತಗಳ ದಾಖಲೆಗಳನ್ನು ಸಾಗಿಸಿ ಕೊಡುವುದು ನನ್ನ ಕಸುಬು. ಸಾಗಿಸಿದ ಮೇಲೆ ಎರಡು ಮೂರು ತಿಂಗಳು ಹಳೆಯದರಲ್ಲೂ ಹೊಸದರಲ್ಲೂ ಸಂಬಳ ಲೆಕ್ಕ ಹಾಕಿ ತಾಳೆ ನೋಡುತ್ತೇವೆ. ವ್ಯತ್ಯಾಸಗಳೆಲ್ಲ ಬಗೆಹರಿದು ಹಣಕಾಸು ವಿಭಾಗ ಒಪ್ಪಿಗೆ ಕೊಟ್ಟಿತೆಂದರೆ ನನ್ನ ಅಗತ್ಯ ತೀರಿತು. ಕೆಲಸ ಚೆನ್ನಾಗಿ ಆದಷ್ಟೂ ಬೇಗ ಹೊರಗೆ ಬರುತ್ತೇನೆ. ಈ ಸರಳ ಸಂಗತಿ ನನ್ನ ರೆಸ್ಯೂಮೆಯಲ್ಲಿ ಮಾತ್ರ ಎಲ್ಲಿಯೂ ಕಾಣುತ್ತಿರಲಿಲ್ಲ.

ಅದರಲ್ಲಿ ಕಾಣುತ್ತಿದ್ದದ್ದು ಐದು ಸಂಸ್ಥೆಗಳ ಹೆಸರು ಮತ್ತು ಗಿಡ್ಡ ಗಿಡ್ಡ ಅವಧಿಗಳು. 2019ರ ಮಾರ್ಚ್‌ನಿಂದ ನವೆಂಬರ್‌ವರೆಗೆ ಒಂದು ಆಸ್ಪತ್ರೆ ಸಮೂಹ. 2020ರ ಜನವರಿಯಿಂದ ಜೂನ್‌ವರೆಗೆ ಒಂದು ಸಾಗಣೆ ಕಂಪನಿ. ಅದೇ ವರ್ಷದ ಅಕ್ಟೋಬರ್‌ನಿಂದ 2021ರ ಜುಲೈವರೆಗೆ ಒಂದು ಚಿಲ್ಲರೆ ಮಳಿಗೆಗಳ ಸರಣಿ. 2021ರ ಸೆಪ್ಟೆಂಬರ್‌ನಿಂದ 2022ರ ಜನವರಿವರೆಗೆ ಒಂದು ಖಾಯಂ ನೌಕರಿ. ಮಾರ್ಚ್ 2022ರಿಂದ ಫೆಬ್ರವರಿ 2023ರವರೆಗೆ ಒಂದು ವಿಶ್ವವಿದ್ಯಾಲಯ. ನೇಮಕಾತಿ ವಿಭಾಗದವರು ಮೊದಲ ಓದಿನಲ್ಲಿ ನೋಡುವುದು ಹುದ್ದೆಯ ಹೆಸರು, ಸಂಸ್ಥೆಯ ಹೆಸರು, ದಿನಾಂಕ. ಈ ಮೂರನ್ನೇ ಓದಿದವರಿಗೆ ನಾನು ಎಲ್ಲಿಯೂ ನೆಲೆ ನಿಲ್ಲದ ಮನುಷ್ಯ. ಅವರ ತೀರ್ಮಾನದಲ್ಲಿ ತಪ್ಪೇನೂ ಇರಲಿಲ್ಲ. ಬೇರೆ ತೀರ್ಮಾನಕ್ಕೆ ಬರಲು ಬೇಕಾದ ಮಾಹಿತಿ ಅವರ ಕಣ್ಣೆದುರಿಗೆ ಇರಲಿಲ್ಲ, ಅಷ್ಟೆ.

ಹೀಗಾದಾಗ ಹಲವರು ಕೊಡುವ ಸಲಹೆಯೆಂದರೆ ದಿನಾಂಕಗಳನ್ನು ಹಿಂದಕ್ಕೆ ತಳ್ಳಿ, ಕೌಶಲಗಳನ್ನು ಮುಂದಿಟ್ಟು ರೆಸ್ಯೂಮೆ ಬರೆಯುವುದು. ಅಥವಾ ತಿಂಗಳು ತೆಗೆದು ಬರೀ ವರ್ಷ ಹಾಕುವುದು. ಎರಡನ್ನೂ ನಾನು ಒಪ್ಪಲಿಲ್ಲ. ದಿನಾಂಕ ಕಾಣದಿದ್ದರೆ ಓದುವವರು ಅದನ್ನೇ ಹುಡುಕುತ್ತಾರೆ. ಬರೀ ವರ್ಷ ಹಾಕಿದರೆ, ನೇಮಕವಾದ ಮೇಲಿನ ಹಿನ್ನೆಲೆ ಪರಿಶೀಲನೆಯಲ್ಲಿ ತಿಂಗಳುಗಳು ಹೇಗೂ ಹೊರಬರುತ್ತವೆ. ಆಗ ‘ಅಲ್ಪಾವಧಿ’ ಎಂಬ ದೂರಿನ ಜೊತೆಗೆ ‘ಮುಚ್ಚಿಟ್ಟರು’ ಎಂಬ ಇನ್ನೊಂದು ದೂರು ಸೇರಿಕೊಳ್ಳುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು.

ನಾನು ಮಾಡಿದ್ದು ನಾಲ್ಕು ಗುತ್ತಿಗೆಗಳನ್ನು ಒಂದೇ ತಲೆಬರಹದ ಕೆಳಗೆ ತಂದದ್ದು. ತಲೆಬರಹ ಹೀಗಿತ್ತು: ‘ಪೇರೋಲ್ ಮೈಗ್ರೇಷನ್ ವಿಶ್ಲೇಷಕ, ಗುತ್ತಿಗೆ ಯೋಜನೆಗಳು, 2019–2023’. ಅದರ ಕೆಳಗೆ ಒಂದೇ ವಾಕ್ಯ: ‘ಹಳೆಯ ಪೇರೋಲ್ ವ್ಯವಸ್ಥೆಯಿಂದ ಹೊಸದಕ್ಕೆ ದಾಖಲೆ ಸಾಗಿಸಿ, ಸಮಾನಾಂತರ ಲೆಕ್ಕದ ತಾಳೆ ಮುಗಿಯುವವರೆಗೆ ನಿಂತು, ಒಳಗಿನ ತಂಡಕ್ಕೆ ಒಪ್ಪಿಸುವ ನಿಗದಿತ ಅವಧಿಯ ಕೆಲಸ.’ ಇಷ್ಟು ಓದಿದವರಿಗೆ ಕೆಳಗಿನ ಒಂಬತ್ತು ತಿಂಗಳು, ಹತ್ತು ತಿಂಗಳುಗಳು ಯೋಜನೆಯ ಉದ್ದವಾಗಿ ಕಾಣುತ್ತವೆ. ಆಮೇಲೆ ಪ್ರತಿ ಗುತ್ತಿಗೆಗೂ ತಿಂಗಳು ಸಮೇತ ದಿನಾಂಕ ಕೊಟ್ಟು ಎರಡು ಮೂರು ಸಾಲು ಬರೆದೆ.

ಆ ಸಾಲುಗಳಲ್ಲಿ ಒಂದು ಕಡ್ಡಾಯವಾಗಿ ಕೆಲಸ ಹೇಗೆ ಮುಗಿಯಿತು ಎಂಬುದನ್ನು ಹೇಳಬೇಕೆಂದು ನಿಯಮ ಮಾಡಿಕೊಂಡೆ. ಆಸ್ಪತ್ರೆಯ ಕೆಲಸಕ್ಕೆ ಮೊದಲು ಬರೆದಿದ್ದ ಸಾಲು ‘ದಾಖಲೆ ಸಾಗಣೆ ಮತ್ತು ಪರಿಶೀಲನೆಯ ಜವಾಬ್ದಾರಿ’ ಎಂದಿತ್ತು. ಅದನ್ನು ‘ಸುಮಾರು 3,000 ಸಿಬ್ಬಂದಿಯ ದಾಖಲೆ ಸಾಗಿಸಿ, ಮೂರು ತಿಂಗಳ ಸಮಾನಾಂತರ ಲೆಕ್ಕದ ನಂತರ ಹೊಸ ವ್ಯವಸ್ಥೆ ಚಾಲ್ತಿಗೆ ಬಂದಾಗ ಗುತ್ತಿಗೆ ಪೂರ್ಣಗೊಂಡಿತು’ ಎಂದು ಮಾಡಿದೆ. ವಿಶ್ವವಿದ್ಯಾಲಯದ್ದಕ್ಕೆ ‘ಆರು ತಿಂಗಳ ಗುತ್ತಿಗೆ, ಹನ್ನೆರಡಕ್ಕೆ ವಿಸ್ತರಣೆ’ ಎಂದು ಸೇರಿಸಿದೆ. ಚಿಲ್ಲರೆ ಮಳಿಗೆಗಳದ್ದಕ್ಕೆ ‘ಮೊದಲ ಗುತ್ತಿಗೆ ಕೊಟ್ಟ ಏಜೆನ್ಸಿಯಿಂದಲೇ ಮರುನೇಮಕ’ ಎಂದೆ. ಇಡೀ ರೆಸ್ಯೂಮೆಯಲ್ಲಿ ಈ ಎರಡು ತುಣುಕುಗಳಷ್ಟು ದುಡಿದದ್ದು ಬೇರೊಂದಿಲ್ಲ. ವಿಸ್ತರಣೆ, ಮರುನೇಮಕ ಎರಡೂ ಇನ್ನೊಬ್ಬರು ನನ್ನ ಬಗ್ಗೆ ತೆಗೆದುಕೊಂಡ ನಿರ್ಧಾರಗಳು. ‘ನಾನು ನಂಬಿಕಸ್ಥ’ ಎಂದು ನಾನೇ ಬರೆದುಕೊಳ್ಳುವುದಕ್ಕೂ ಇದಕ್ಕೂ ಅಜಗಜಾಂತರ.

ಸಾಗಣೆ ಕಂಪನಿಯ ಯೋಜನೆ ಅರ್ಧಕ್ಕೆ ನಿಂತಿತ್ತು. ಅದನ್ನು ‘ಪೂರ್ಣಗೊಂಡಿತು’ ಎಂದು ಬರೆಯುವಂತಿರಲಿಲ್ಲ. ‘ದಾಖಲೆ ಶುದ್ಧೀಕರಣದ ಹಂತ ಮುಗಿದ ಮೇಲೆ ಸಂಸ್ಥೆ ಯೋಜನೆಯನ್ನು ಮುಂದೂಡಿತು, ಅಲ್ಲಿಯವರೆಗಿನ ಕೆಲಸವನ್ನು ದಾಖಲಿಸಿ ಒಪ್ಪಿಸಲಾಯಿತು’ ಎಂದು ಬರೆದೆ. ಯೋಜನೆಗಳು ನಿಲ್ಲುವುದು ನೇಮಕ ಮಾಡುವವರಿಗೆ ಹೊಸ ಸುದ್ದಿಯೇನಲ್ಲ. ನಿಂತಾಗ ಕೆಲಸವನ್ನು ಯಾವ ಸ್ಥಿತಿಯಲ್ಲಿ ಬಿಟ್ಟು ಬಂದಿರಿ ಎಂಬುದೇ ಅವರಿಗೆ ಬೇಕಾದದ್ದು.

ಇನ್ನು ಆ ಐದು ತಿಂಗಳ ಖಾಯಂ ನೌಕರಿ. ಅದನ್ನೂ ಗುತ್ತಿಗೆಗಳ ಗುಂಪಿಗೆ ಸೇರಿಸಿಬಿಡುವ ಆಸೆ ಬಂದದ್ದು ನಿಜ. ಸೇರಿಸಿದರೆ ಪುಟ ಬಹಳ ಚೆಂದ ಕಾಣುತ್ತಿತ್ತು. ಆದರೆ ನೇಮಕಪತ್ರದಲ್ಲಿ ಖಾಯಂ ಎಂದಿರುವುದನ್ನು ಗುತ್ತಿಗೆ ಎಂದರೆ ಅದು ಸುಳ್ಳು, ಮತ್ತು ಒಂದು ದೂರವಾಣಿ ಕರೆಯಲ್ಲಿ ಬಯಲಾಗುವ ಸುಳ್ಳು. ಪೂರ್ತಿ ಕೈಬಿಡುವ ದಾರಿಯೂ ಇತ್ತು. ರೆಸ್ಯೂಮೆಯಲ್ಲಿ ಎಲ್ಲವನ್ನೂ ಬರೆಯಲೇಬೇಕೆಂಬ ಕಟ್ಟಳೆಯಿಲ್ಲ. ಆದರೆ ಪೂರ್ಣ ಉದ್ಯೋಗ ಇತಿಹಾಸ ಕೇಳಿ ಸಹಿ ಹಾಕಿಸಿಕೊಳ್ಳುವ ಅರ್ಜಿ ನಮೂನೆಯಲ್ಲಿ ಬಿಡುವಂತಿಲ್ಲ. ಬಿಟ್ಟರೆ ನನ್ನ ವಿಷಯದಲ್ಲಿ 2021ರ ಆಗಸ್ಟ್‌ನಿಂದ ಮುಂದಿನ ಫೆಬ್ರವರಿವರೆಗೆ ಏಳು ತಿಂಗಳ ಖಾಲಿ ಜಾಗ ಬೀಳುತ್ತಿತ್ತು. ಹಾಗಾಗಿ ಗುತ್ತಿಗೆಗಳ ಗುಂಪು ಮುಗಿದ ಮೇಲೆ ಪ್ರತ್ಯೇಕ ತಲೆಬರಹದಲ್ಲಿ, ‘ಖಾಯಂ’ ಎಂಬ ಪದದೊಂದಿಗೆ, ಎರಡೇ ಸಾಲಿನಲ್ಲಿ ಇಟ್ಟೆ. ಕಾಲಕ್ರಮ ಸ್ವಲ್ಪ ತಪ್ಪುತ್ತದೆ, ಆದರೆ ದಿನಾಂಕಗಳು ಎದುರಿಗಿರುವುದರಿಂದ ಯಾರೂ ಆಕ್ಷೇಪಿಸಲಿಲ್ಲ.

ಏಜೆನ್ಸಿಯ ಮೂಲಕ ದುಡಿದವರು ಎಚ್ಚರ ವಹಿಸಬೇಕಾದ ಒಂದು ಜಾಗವಿದೆ. ನಾನು ದಿನಾ ಹೋಗುತ್ತಿದ್ದದ್ದು ಆಸ್ಪತ್ರೆಯ ಕಚೇರಿಗೆ, ಆದರೆ ಸಂಬಳ ಕೊಡುತ್ತಿದ್ದದ್ದು ಏಜೆನ್ಸಿ. ಉದ್ಯೋಗದಾತರ ಜಾಗದಲ್ಲಿ ಆಸ್ಪತ್ರೆಯ ಹೆಸರು ಬರೆದರೆ, ಪರಿಶೀಲನೆ ಮಾಡುವವರು ಅಲ್ಲಿನ ಎಚ್‌ಆರ್ ವಿಭಾಗಕ್ಕೆ ಕರೆ ಮಾಡುತ್ತಾರೆ. ಅವರ ಸಿಬ್ಬಂದಿ ಪಟ್ಟಿಯಲ್ಲಿ ನನ್ನ ಹೆಸರು ಇರುವುದಿಲ್ಲ. ಪ್ರಾಮಾಣಿಕ ಮನುಷ್ಯ ಸುಳ್ಳುಗಾರನಾಗುವುದು ಹೀಗೆ. ಆದ್ದರಿಂದ ಏಜೆನ್ಸಿಯ ಹೆಸರು ಮೊದಲು, ‘ಕೆಲಸದ ಸ್ಥಳ’ ಎಂದು ಗ್ರಾಹಕ ಸಂಸ್ಥೆಯ ಹೆಸರು ನಂತರ. ಗೋಪ್ಯತೆಯ ಒಪ್ಪಂದ ಹೆಸರು ಹೇಳಲು ಬಿಡದಿದ್ದರೆ ‘ಒಂದು ಆಸ್ಪತ್ರೆ ಸಮೂಹ’ ಎಂದರೆ ಸಾಕು.

ಆನ್‌ಲೈನ್ ಅರ್ಜಿಗಳಲ್ಲಿ ಈ ಗುಂಪು ಮಾಡುವ ವಿಧಾನ ಕೈಕೊಡುತ್ತದೆ. ರೆಸ್ಯೂಮೆ ಏರಿಸಿದ ಕೂಡಲೇ ಅಲ್ಲಿನ ತಂತ್ರಾಂಶ ಅದನ್ನು ಒಡೆದು ಖಾನೆಗಳಿಗೆ ತುಂಬುತ್ತದಲ್ಲ, ನನ್ನ ತಲೆಬರಹವನ್ನು ಅದು ಒಂದು ಸಂಸ್ಥೆಯೆಂದು ತಿಳಿದು, ಒಳಗಿನ ನಾಲ್ಕನ್ನು ಕೆಲವೊಮ್ಮೆ ನುಂಗಿಬಿಡುತ್ತಿತ್ತು. ತುಂಬಿದ ಖಾನೆಗಳನ್ನು ಓದದೆ ಮುಂದೆ ಹೋಗಬಾರದು. ನಾನು ಅಲ್ಲಿ ಪ್ರತಿ ಗುತ್ತಿಗೆಯನ್ನೂ ಬೇರೆಯಾಗಿಯೇ ತುಂಬುತ್ತೇನೆ, ಹುದ್ದೆಯ ಹೆಸರಿನಲ್ಲೇ ‘ಗುತ್ತಿಗೆ’ ಎಂಬ ಪದ ಸೇರಿಸುತ್ತೇನೆ, ಬಿಟ್ಟ ಕಾರಣದ ಖಾನೆಯಲ್ಲಿ ‘ಗುತ್ತಿಗೆ ಅವಧಿ ಮುಗಿಯಿತು’ ಎಂದು ಹಾಕುತ್ತೇನೆ. ನೋಡಲು ಅಂದವಿಲ್ಲ, ಆದರೆ ಯಂತ್ರವೂ ಮನುಷ್ಯರೂ ಒಂದೇ ಕಥೆ ಓದುತ್ತಾರೆ.

ತಿದ್ದಿದ ಪ್ರತಿಯನ್ನು ನನ್ನ ಕ್ಷೇತ್ರದ ಗಂಧವಿಲ್ಲದ ಗೆಳತಿಯೊಬ್ಬಳಿಗೆ ಕೊಟ್ಟು, ಅರ್ಧ ನಿಮಿಷದ ನಂತರ ಕಾಗದ ಹಿಂದಕ್ಕೆ ತೆಗೆದುಕೊಂಡು ‘ಈ ವ್ಯಕ್ತಿ ಏನು ಮಾಡುತ್ತಾನೆ?’ ಎಂದು ಕೇಳಿದೆ. ಹಳೆಯ ಪ್ರತಿಗೆ ಅವಳು ‘ತುಂಬಾ ಕಡೆ ಕೆಲಸ ಮಾಡಿದ್ದಾನೆ’ ಎಂದಿದ್ದಳು. ಹೊಸದಕ್ಕೆ ‘ಸಂಬಳದ ವ್ಯವಸ್ಥೆ ಬದಲಾಯಿಸಿ ಕೊಡುತ್ತಾನೆ’ ಎಂದಳು. ನನಗೆ ಬೇಕಾಗಿದ್ದ ಉತ್ತರ ಅದೇ.

ಸಂದರ್ಶನಕ್ಕೆ ಕರೆ ಬರತೊಡಗಿದ ಮೇಲೆ ಪ್ರಶ್ನೆ ಬಾಯಿಮಾತಿಗೆ ಇಳಿಯಿತು. ‘ನೀವು ಎಲ್ಲಿಯೂ ಒಂದು ವರ್ಷ ದಾಟಿಲ್ಲವಲ್ಲ?’ ಎಂದು ಕೇಳಿದವರಿಗೆ ನಾನು ಹೇಳುತ್ತಿದ್ದದ್ದು: ‘ಹೌದು. ನಾಲ್ಕು ಗುತ್ತಿಗೆಗಳಿಗೂ ಮುಕ್ತಾಯದ ದಿನಾಂಕ ಮೊದಲೇ ಬರೆದಿತ್ತು. ಮೊದಲ ಎರಡನ್ನು ಸಿಕ್ಕಿದ್ದಕ್ಕೆ ಒಪ್ಪಿಕೊಂಡೆ. ಮೂರನೆಯದನ್ನು ಪಾಳಿ ಕೆಲಸಗಾರರ, ಗಂಟೆ ಲೆಕ್ಕದ ಸಂಬಳ ಕಲಿಯಬೇಕೆಂದೇ ಆರಿಸಿದೆ. ಅದರಿಂದಲೇ ವಿಶ್ವವಿದ್ಯಾಲಯದವರು ನನ್ನನ್ನು ಕರೆದರು.’ ನಾಲ್ಕೂ ನನ್ನ ಮಹಾಯೋಜನೆಯ ಭಾಗ ಎಂದು ಬಿಂಬಿಸಲು ಹೋಗಲಿಲ್ಲ. ಎಲ್ಲವನ್ನೂ ಮುಂಚೆಯೇ ಯೋಚಿಸಿದ್ದೆ ಎನ್ನುವವರನ್ನು ಸಂದರ್ಶಕರು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಎಲ್ಲಿಂದ ಆಯ್ಕೆ ನನ್ನದಾಯಿತು ಎಂದು ಬೆರಳಿಟ್ಟು ತೋರಿಸಿದರೆ ಉಳಿದದ್ದನ್ನೂ ನಂಬುತ್ತಾರೆ.

ಖಾಯಂ ನೌಕರಿಯ ಬಗ್ಗೆ ಕೇಳಿದಾಗ ಉತ್ತರ ಎರಡು ವಾಕ್ಯ: ‘ಮೈಗ್ರೇಷನ್ ಕೆಲಸಕ್ಕೆಂದು ಸೇರಿದೆ, ಆ ಯೋಜನೆ ರದ್ದಾಗಿ ದೈನಂದಿನ ಬೆಂಬಲದ ಕೆಲಸ ಉಳಿಯಿತು, ಬಿಟ್ಟೆ. ಅದಕ್ಕೇ ಈಗ ಸೇರುವ ಮೊದಲು ಯೋಜನೆಗೆ ಹಣ ಮಂಜೂರಾಗಿದೆಯೇ ಎಂದು ಕೇಳುತ್ತೇನೆ, ನಿಮ್ಮದಕ್ಕೆ ಆಗಿದೆಯೇ?’ ಮೇಲಧಿಕಾರಿಯ ಬಗ್ಗೆ ಹೇಳಬಹುದಾದದ್ದು ಬೇಕಾದಷ್ಟಿತ್ತು; ಹೇಳಲಿಲ್ಲ.

ಇದೆಲ್ಲ ನಡೆಯುವುದು ಗುತ್ತಿಗೆಗಳು ನಿಜವಾಗಿ ಗುತ್ತಿಗೆಗಳಾಗಿದ್ದಾಗ, ಅವುಗಳ ನಡುವೆ ಒಂದೇ ಬಗೆಯ ಕೆಲಸ ಹರಿದಿರುವಾಗ. ಐದೂ ಖಾಯಂ ನೌಕರಿಗಳನ್ನು ಬಿಟ್ಟವರಿಗೆ ಈ ತಲೆಬರಹ ಒಗ್ಗುವುದಿಲ್ಲ. ಅವರಿಗೆ ಉಳಿಯುವ ದಾರಿ ಅತಿ ಉದ್ದದ ನೌಕರಿಗೆ ಹೆಚ್ಚು ಜಾಗ ಕೊಟ್ಟು, ಉಳಿದವನ್ನು ಒಂದೊಂದು ಸಾಲಿಗೆ ಇಳಿಸಿ, ಬಿಟ್ಟ ಕಾರಣಗಳನ್ನು ಬಾಯಿಗೆ ಸಿದ್ಧವಾಗಿಟ್ಟುಕೊಳ್ಳುವುದು. ಹಾಗೆಯೇ ನನ್ನಂಥವರನ್ನು ಖಾಯಂ ಹುದ್ದೆಗೆ ಬೇಡವೆಂದು ಮೊದಲೇ ತೀರ್ಮಾನಿಸಿದ ಸಂಸ್ಥೆಗಳೂ ಇದ್ದವು. ಅವರ ಮನಸ್ಸನ್ನು ಯಾವ ಕಾಗದವೂ ಬದಲಿಸಲಿಲ್ಲ.

ಈಗ ಪ್ರತಿ ಗುತ್ತಿಗೆಯ ಕೊನೆಯ ವಾರ ಬರುವ ಮೊದಲೇ ಎರಡು ವಸ್ತು ಕೇಳಿ ಪಡೆಯುತ್ತೇನೆ: ಆರಂಭ, ಮುಕ್ತಾಯದ ದಿನಾಂಕ ಮತ್ತು ‘ಗುತ್ತಿಗೆ ಪೂರ್ಣ’ ಎಂಬ ಮಾತಿರುವ ಪತ್ರ, ಮತ್ತು ಕೆಲಸ ನೋಡಿದ ವ್ಯವಸ್ಥಾಪಕರ ಸ್ವಂತ ಸಂಪರ್ಕ, ಅವರ ಒಪ್ಪಿಗೆಯೊಂದಿಗೆ. ಕಚೇರಿಯ ವಿಳಾಸ ಸಾಲದು, ಏಕೆಂದರೆ ನಾನು ಹೊರಟ ವರ್ಷದೊಳಗೆ ಅವರೂ ಅಲ್ಲಿಂದ ಹೊರಟಿರುತ್ತಾರೆ.